ತೋಟದ ಹಾಜರಿ ಆ್ಯಪ್‌ಗೆ ದರ ಹೇಗಿಡೋದು? ಎಲ್ಲರಿಗೂ ಒಂದೇ ರೇಟೋ, ಹಂತದ ಪ್ಲಾನೋ, ಆಳಿನ ಲೆಕ್ಕವೋ?

ಹಾಜರಿ_ಪುಸ್ತಕ (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ಕಾಫಿ ತೋಟಗಳ ಹಾಜರಿ ಮತ್ತು ವಾರದ ಬಟವಾಡೆ ಲೆಕ್ಕಕ್ಕೆ ನಮ್ಮದೊಂದು ಮೊಬೈಲ್ ಆ್ಯಪ್ ಇದೆ. ಬೆಳಗ್ಗೆ ರೈಟರು ಹಾಜರಿ ಹಾಕ್ತಾರೆ, ಕೊಯ್ಲಿನ ಟೈಮಲ್ಲಿ ಸಂಜೆ ಹಣ್ಣಿನ ತೂಕ ಹಾಕ್ತಾರೆ. ವಾರದ ಕೊನೆಗೆ ಮುಂಗಡ ಕಳೆದು ಬಟವಾಡೆ ಪಟ್ಟಿ ಬರುತ್ತೆ, ಪ್ರತಿ ಆಳಿಗೂ ಒಂದು ಎಸ್ಸೆಮ್ಮೆಸ್ ಹೋಗುತ್ತೆ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಸುತ್ತಿನ 40 ತೋಟಗಳು ಈಗ ಉಚಿತವಾಗಿ ಬಳಸ್ತಿವೆ. ಇನ್ನು ಮುಂದೆ ದುಡ್ಡು ತಗೋಬೇಕು.

ನಮ್ಮ ತಲೆಯಲ್ಲಿರೋದು ಒಬ್ಬ ಆಳಿಗೆ ತಿಂಗಳಿಗೆ ₹10. ಬಳಸಿದಷ್ಟು ಕೊಡಲಿ, ಚಿಕ್ಕ ತೋಟಕ್ಕೆ ಹೊರೆಯಾಗಬಾರದು ಅನ್ನೋ ಉದ್ದೇಶ. ಜೊತೆಗಿರೋರು ಎಲ್ಲರಿಗೂ ತಿಂಗಳಿಗೆ ₹400 ಇಟ್ಟುಬಿಡೋಣ, ತಲೆನೋವು ಇರಲ್ಲ ಅಂತಾರೆ. 40ರಲ್ಲಿ 24 ಚಿಕ್ಕವು, ಅಂದಾಜು 6 ಜನ ಕಾಯಂ, ಕೊಯ್ಲಲ್ಲಿ 20. 13 ಮಧ್ಯಮ, 25 ಜನ ಇರೋದು ಕೊಯ್ಲಲ್ಲಿ 70 ಆಗುತ್ತೆ. 3 ದೊಡ್ಡವು, 90 ಜನ ಇರೋದು 220ಕ್ಕೆ ಹೋಗುತ್ತೆ. ಅರೇಬಿಕಾ, ರೋಬಸ್ಟಾ ಎರಡೂ ಸೇರಿ ಕೊಯ್ಲು 4 ತಿಂಗಳು ಅಂತ ಇಟ್ಕೊಳ್ಳಿ. ಯಾವುದು ಸರಿ?

ಕೋಡ್_ಮಲೆನಾಡು

ಕಣ್ಣು ಮುಚ್ಚಿ ಬಳಕೆ ಲೆಕ್ಕಕ್ಕೆ ಹೋಗಿ. ಕ್ಲೌಡ್ ಕಂಪನಿಗಳೆಲ್ಲ ಮಾಡೋದು ಅದನ್ನೇ. ನಿಮ್ಮ ಖರ್ಚು ಬಳಕೆ ಜೊತೆ ಏರುತ್ತೆ, ಆದಾಯವೂ ಏರಬೇಕು. ಫ್ಲಾಟ್ ರೇಟ್ ಇಟ್ರೆ 220 ಆಳಿನ ತೋಟ ನಿಮ್ಮ ಸರ್ವರನ್ನ 6 ಆಳಿನ ತೋಟದ ದುಡ್ಡಲ್ಲಿ ಬಳಸುತ್ತೆ.

ಮೂಡಿಗೆರೆ_ಪ್ಲಾಂಟರ್

ಕೊಯ್ಲಿಗೆ ಕೆಜಿ ಲೆಕ್ಕವೇ ಒಳ್ಳೇದು, ಅದರಲ್ಲಿ ಎರಡು ಮಾತಿಲ್ಲ. ದಿನಗೂಲಿ ಕೊಟ್ರೆ ಹಣ್ಣು ಗಿಡದಲ್ಲೇ ಒಣಗುತ್ತೆ. ಆದ್ರೆ ಕೊನೇ ಸುತ್ತಲ್ಲಿ ಗಿಡದಲ್ಲಿ ಹಣ್ಣು ಕಡಿಮೆ ಇರುತ್ತೆ, ಆಗ ದಿನಗೂಲಿ ಕೊಡದಿದ್ರೆ ಯಾರೂ ಬರಲ್ಲ. ಎಲ್ಲರಿಗೂ ಒಂದೇ ರೇಟು ಅಂತ ವರ್ಷಪೂರ್ತಿ ನಡೆಸೋಕಾಗಲ್ಲ.

ಹಾಜರಿ_ಪುಸ್ತಕ

ಸರ್, ಕೂಲಿ ರೇಟಲ್ಲ. ಆ್ಯಪ್ ಬಳಸೋಕೆ ತೋಟದವರಿಂದ ನಾವು ಎಷ್ಟು ತಗೋಬೇಕು ಅನ್ನೋದು ಪ್ರಶ್ನೆ.

ಬೇಲೂರು_ಬಿಲ್

ಮೇಡಂ, ಮೊದಲು ನಿಮ್ಮ ಅಂಕಿಗಳನ್ನೇ ಇಟ್ಟು ಒಂದು ವರ್ಷದ ಲೆಕ್ಕ ಹಾಕೋಣ. ತಿಂಗಳ ಬಿಲ್ ನೋಡಿದ್ರೆ ಈ ವ್ಯಾಪಾರದಲ್ಲಿ ಏನೂ ತಿಳಿಯಲ್ಲ, ಯಾಕಂದ್ರೆ ಡಿಸೆಂಬರ್‌ಗೂ ಜುಲೈಗೂ ಹೋಲಿಕೆನೇ ಇಲ್ಲ.

ಆಳಿಗೆ ₹10ರಂತೆ ಚಿಕ್ಕ ತೋಟ 8 ತಿಂಗಳು ₹60, 4 ತಿಂಗಳು ₹200 ಕೊಡುತ್ತೆ, ವರ್ಷಕ್ಕೆ ₹1,280. ಮಧ್ಯಮ ತೋಟ ₹4,800. ದೊಡ್ಡದು ₹16,000. 40 ತೋಟಕ್ಕೂ ಸೇರಿ ₹1,41,120.

ಫ್ಲಾಟ್ ₹400 ಅಂದ್ರೆ ಯಾರಿಗಾದ್ರೂ ವರ್ಷಕ್ಕೆ ₹4,800. ಎಲ್ಲರೂ ಉಳಿದ್ರೆ ₹1,92,000 ಬರುತ್ತೆ, ನೋಡೋಕೆ ಇದೇ ದೊಡ್ಡದು. ಆದ್ರೆ 6 ಆಳಿನ ಹಾಜರಿಗೆ ₹4,800 ಯಾರು ಕೊಡ್ತಾರೆ? ಆ ಕೆಲಸಕ್ಕೆ ಒಂದು ನೋಟ್‌ಬುಕ್ ಸಾಕು. 24 ಚಿಕ್ಕ ತೋಟಗಳಲ್ಲಿ 6 ಮಾತ್ರ ಉಳಿದವು ಅಂತ ಇಟ್ಕೊಳ್ಳಿ, ಒಟ್ಟು ₹1,05,600ಕ್ಕೆ ಇಳಿಯುತ್ತೆ. ಅತ್ತ ₹16,000 ಕೊಡಬಲ್ಲ ದೊಡ್ಡ ತೋಟದಿಂದ ನೀವು ₹11,200 ಕೈಬಿಟ್ಟಿರ್ತೀರಿ. ಗಿರಾಕಿಗಳ ಗಾತ್ರದಲ್ಲಿ ಇಷ್ಟು ಅಂತರ ಇದ್ದಾಗ ಫ್ಲಾಟ್ ರೇಟ್ ಎರಡೂ ತುದಿಯಲ್ಲಿ ಸೋಲುತ್ತೆ.

ಹಾಗಂತ ಆಳಿನ ಲೆಕ್ಕ ಸರಿ ಅಂತ ನಾನು ಹೇಳ್ತಿಲ್ಲ. ಅದರ ತೊಂದರೆ ಬೇರೆ ಕಡೆ ಇದೆ. ರೈಟರ್ ಒಬ್ಬರು ಇಲ್ಲಿ ಇದ್ದಾರಲ್ಲ, ಅವರೇ ಹೇಳಲಿ: ಒಂದು ಹೆಸರಿಗೆ ₹10 ಅಂತ ಸಾಹುಕಾರರಿಗೆ ಗೊತ್ತಾದ್ರೆ ಕೊಯ್ಲಲ್ಲಿ ಏನಾಗುತ್ತೆ?

ತೋಟದ_ರೈಟರು (ಸಕಲೇಶಪುರ)

ಏನಾಗುತ್ತೆ, ಹೊರಗಿನ ಗ್ಯಾಂಗ್ ಬಂದಾಗ ಮೇಸ್ತ್ರಿ ಹೆಸರೊಂದೇ ಹಾಕು, ಉಳಿದವರದ್ದು ಪುಸ್ತಕದಲ್ಲಿ ಬರ್ಕೋ ಅಂತಾರೆ. 20 ಜನರ ಗ್ಯಾಂಗ್‌ಗೆ ಒಂದೇ ಹೆಸರು. ₹200ಕ್ಕಾಗಿ ಅಲ್ಲ, "ಹೆಸರಿಗೆ ದುಡ್ಡು" ಅನ್ನೋದೇ ಅವರಿಗೆ ಇಷ್ಟ ಆಗಲ್ಲ. ಎರಡು ದಿನ ಬಂದು ಹೋಗೋ ಆಳಿಗೂ ತಿಂಗಳ ದುಡ್ಡು ಯಾಕೆ ಅಂತ ಕೇಳ್ತಾರೆ.

ಬೇಲೂರು_ಬಿಲ್

ಇದೇ ನೋಡಿ ವಿಷಯ. ನಿಮ್ಮ ಆ್ಯಪ್‌ನ ಬೆಲೆ ಇರೋದೇ ಒಬ್ಬೊಬ್ಬರ ಹಾಜರಿ, ತೂಕ, ಮುಂಗಡ ಬೇರೆ ಬೇರೆ ಸಿಗೋದ್ರಲ್ಲಿ. ಹೆಸರು ಸೇರಿಸೋದಕ್ಕೆ ದುಡ್ಡು ಕೇಳಿದ್ರೆ ಗಿರಾಕಿ ಹೆಸರು ಸೇರಿಸೋದನ್ನೇ ನಿಲ್ಲಿಸ್ತಾರೆ. ಕೊಯ್ಲಿನ 4 ತಿಂಗಳು ಲೆಕ್ಕ ಪುಸ್ತಕಕ್ಕೆ ವಾಪಸ್ ಹೋಯ್ತು ಅಂದ್ರೆ ಮುಂದಿನ ವರ್ಷ ಆ್ಯಪ್ ಯಾಕೆ ಬೇಕು ಅನ್ನಿಸುತ್ತೆ. ಬಿಲ್ ಕಡಿಮೆ ಆಗಿದ್ದಕ್ಕಿಂತ ಇದು ದೊಡ್ಡ ನಷ್ಟ.

ಇದು ಶುರುವಾಗಿದೆಯಾ ಅಂತ ಕಂಡುಹಿಡಿಯೋದು ಸುಲಭ. ತೂಕದ ಪಟ್ಟಿ ನೋಡಿ. ಒಂದೇ ಹೆಸರಲ್ಲಿ ದಿನಕ್ಕೆ 700 ಕೆಜಿ ಹಣ್ಣು ಇದ್ರೆ ಅದು ಒಬ್ಬರು ಕೊಯ್ದಿದ್ದಲ್ಲ, ಗ್ಯಾಂಗ್. ಉಚಿತ ಇರುವಾಗಲೇ ತಿಂಗಳವಾರು ಎಷ್ಟು ಹೆಸರು ಇದ್ದವು ಅನ್ನೋದನ್ನ ತೆಗೆದಿಟ್ಕೊಳ್ಳಿ. ದುಡ್ಡು ಶುರುವಾದ ಮೇಲೆ ಇದರ ಜೊತೆ ಹೋಲಿಸಬೇಕು:

```sql
SELECT estate_id,
       DATE_FORMAT(work_date, '%Y-%m') AS month,
       COUNT(DISTINCT worker_id) AS workers
FROM attendance
GROUP BY estate_id, month;
```

ಕೋಡ್ ಅವರೇ, ಕ್ಲೌಡ್ ಹೋಲಿಕೆ ಇಲ್ಲಿ ಹೊಂದಲ್ಲ. ಅಲ್ಲಿ ಬಳಕೆ ಹೆಚ್ಚಿದ್ರೆ ಅವರ ಖರ್ಚೂ ನಿಜವಾಗಿ ಹೆಚ್ಚುತ್ತೆ, ಕೊಳ್ಳೋರಲ್ಲಿ ಬಿಲ್ ನೋಡ್ಕೊಳ್ಳೋಕೆ ಒಬ್ಬ ಎಂಜಿನಿಯರ್ ಇರ್ತಾರೆ. ಇಲ್ಲಿ ಒಂದು ಹಾಜರಿ ಅಂದ್ರೆ ಡೇಟಾಬೇಸಲ್ಲಿ ಒಂದು ಸಾಲು. 220 ಜನ ದಿನಾ ಬಂದ್ರೂ ತಿಂಗಳಿಗೆ 6,000 ಸಾಲು ಚಿಲ್ಲರೆ. ಅದಕ್ಕೆ ಸರ್ವರ್ ಖರ್ಚು ಇಲ್ಲವೇ ಇಲ್ಲ ಅನ್ನಬಹುದು.

ಕೋಡ್_ಮಲೆನಾಡು

ಸರ್ವರ್ ಬಿಡಿ, ಒಪ್ದೆ. ಎಸ್ಸೆಮ್ಮೆಸ್? ಅದು ಪ್ರತಿ ಆಳಿಗೂ ಪ್ರತಿ ವಾರ ದುಡ್ಡು. ಅದನ್ನ ಹಂತದ ಪ್ಲಾನಲ್ಲಿ ಹೇಗೆ ನುಂಗ್ತೀರಿ?

ಬೇಲೂರು_ಬಿಲ್

ಇದು ಸರಿಯಾದ ಪ್ರಶ್ನೆ. ಮೇಡಂ, ಈಗ ಹೋಗ್ತಿರೋ ಮೆಸೇಜ್ ಕನ್ನಡದಲ್ಲಿದೆಯಾ? ಎಷ್ಟು ಉದ್ದ?

ಹಾಜರಿ_ಪುಸ್ತಕ

ಕನ್ನಡದಲ್ಲೇ. ನಮಸ್ಕಾರ ಅಂತ ಶುರುವಾಗಿ ತೋಟದ ಹೆಸರು, ಆಳಿನ ಹೆಸರು, ದಿನ, ಕೆಜಿ, ಮುಂಗಡ, ಉಳಿಕೆ, ಕೊನೆಗೆ ಧನ್ಯವಾದ. ಹೆಚ್ಚುಕಮ್ಮಿ 150 ಅಕ್ಷರ. ಒಂದು ಎಸ್ಸೆಮ್ಮೆಸ್ಸಿಗೆ 18 ಪೈಸೆ.

ಬೇಲೂರು_ಬಿಲ್

ಹಾಗಾದ್ರೆ ಒಂದು ಮೆಸೇಜಿಗೆ 18 ಅಲ್ಲ, 54 ಪೈಸೆ ಕೊಡ್ತಿದ್ದೀರಿ. ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಹಿಡಿಯುತ್ತೆ. ಕನ್ನಡ ಯುನಿಕೋಡ್ ಆದ್ದರಿಂದ 70 ಮಾತ್ರ. 70 ದಾಟಿದ್ರೆ ಮೆಸೇಜ್ ತುಂಡಾಗುತ್ತೆ, ಒಂದೊಂದು ತುಂಡಲ್ಲಿ 67 ಹಿಡಿಯುತ್ತೆ. 150 ಅಂದ್ರೆ 3 ತುಂಡು, ಮೂರಕ್ಕೂ ಬಿಲ್. ಆಳಿನ ಫೋನಲ್ಲಿ ಅದು ಜೋಡಿಸಿಕೊಂಡು ಒಂದೇ ಮೆಸೇಜಾಗಿ ಕಾಣೋದ್ರಿಂದ ಯಾರ ಗಮನಕ್ಕೂ ಬರಲ್ಲ.

ಇನ್ನೊಂದು, ಕನ್ನಡದಲ್ಲಿ ಕಣ್ಣಿಗೆ ಕಾಣೋ ಅಕ್ಷರ ಬೇರೆ, ಎಣಿಕೆಗೆ ಸಿಗೋದು ಬೇರೆ. "ಮೇಸ್ತ್ರಿ" ನೋಡೋಕೆ ಎರಡೇ ಅಕ್ಷರ. ಮ, ಏತ್ವ, ಸ, ವಿರಾಮ, ತ, ವಿರಾಮ, ರ, ಗುಡಿಸು ಅಂತ ಲೆಕ್ಕದಲ್ಲಿ ಅದು 8. ಒತ್ತಕ್ಷರ ಹೆಚ್ಚಿರೋ ಪದ ತೆಗೆದ್ರೆ ದುಡ್ಡು ಉಳಿಯುತ್ತೆ.

ನಿಮ್ಮ 40 ತೋಟಕ್ಕೆ ವರ್ಷದ ಲೆಕ್ಕ: ಚಿಕ್ಕ ತೋಟ ಒಂದಕ್ಕೆ ಎಸ್ಸೆಮ್ಮೆಸ್ ಖರ್ಚು ಸುಮಾರು ₹300, ಮಧ್ಯಮಕ್ಕೆ ₹1,120, ದೊಡ್ಡದಕ್ಕೆ ₹3,740. ಒಟ್ಟು ₹33,000 ಹತ್ತಿರ, ಮೇಲೆ 18% ಜಿಎಸ್‌ಟಿ ಬೇರೆ. ಅದೇ ಮೆಸೇಜನ್ನ ಒಂದು ತುಂಡಿಗೆ ಇಳಿಸಿದ್ರೆ ₹11,000. ಈ ರೀತಿ ಇಟ್ಟು ನೋಡಿ:

"ವಾರದ ಬಟವಾಡೆ: ದಿನ 6, ಮುಂಗಡ ಕಡಿತ ₹500, ಕೈಗೆ ₹2,200"

ಇದು 48. ಕೊನೆಗೆ ನಿಮ್ಮ ಸಂಸ್ಥೆ ಹೆಸರು ಸೇರಿಸೋಕೂ ಜಾಗ ಇದೆ. ಟೆಂಪ್ಲೇಟ್ ಬದಲಾದ್ರೆ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಪೋರ್ಟಲ್‌ನಲ್ಲಿ ಹೊಸದಾಗಿ ಅನುಮೋದನೆ ಪಡೀಬೇಕು, ಅದಿಲ್ಲದೆ ಕಳಿಸಿದ್ರೆ ಮೆಸೇಜ್ ತಲುಪೋದೇ ಇಲ್ಲ. ಹಾಗಾಗಿ ಕೊಯ್ಲಿಗೆ ಮೊದಲೇ ಮಾಡಿಸ್ಕೊಳ್ಳಿ.

ತೋಟದ_ರೈಟರು

ಹೆಸರು ತೆಗೆದ್ರೆ ಕಷ್ಟ ಸರ್. ಲೈನ್ ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಒಂದೇ ಫೋನ್ ಇರುತ್ತೆ, ಮಗನ ಹಾಜರಿನೂ ಅದೇ ನಂಬರ್‌ಗೆ. ಮೂರು ಮೆಸೇಜ್ ಒಟ್ಟಿಗೆ ಬಂದ್ರೆ ಯಾವುದು ಯಾರದ್ದು ಅಂತ ನನ್ನ ಹತ್ರನೇ ಬರ್ತಾರೆ. ಹಾಜರಿ ಪಟ್ಟಿಯ ಚೆಕ್‌ರೋಲ್ ನಂಬರ್ ಹಾಕಿ, ಅದು ಎಲ್ಲರಿಗೂ ಬಾಯಿಪಾಠ.

ಬೇಲೂರು_ಬಿಲ್

ಬಹಳ ಒಳ್ಳೇ ಮಾತು. "ನಂ 14" ಮತ್ತು ಒಂದು ಜಾಗ ಸೇರಿದ್ರೆ 54 ಆಗುತ್ತೆ, ಇನ್ನೂ 16 ಉಳೀತು. ಸಂಸ್ಥೆಯ ಹೆಸರು ಅಷ್ಟರಲ್ಲಿ ಮುಗಿಬೇಕು.

ಈಗ ಕೋಡ್ ಅವರ ಪ್ರಶ್ನೆಗೆ ಬರ್ತೀನಿ. ಬಳಕೆ ಲೆಕ್ಕ ನ್ಯಾಯವಾಗಿ ಸಲ್ಲೋದು ಎಸ್ಸೆಮ್ಮೆಸ್ಸಿಗೆ ಮಾತ್ರ. ಪ್ಲಾನ್ ಜೊತೆ ವರ್ಷಕ್ಕೆ ಇಷ್ಟು ಮೆಸೇಜ್ ಅಂತ ಕೊಡಿ, ಮಧ್ಯಮ ತೋಟಕ್ಕೆ 2,500 ಸಾಕು, ಅವರ ನಿಜ ಬಳಕೆ 2,100ರ ಆಸುಪಾಸು. ಮುಗಿದ್ರೆ 1,000ಕ್ಕೆ ₹300ರಂತೆ ಮುಂಗಡ ಪ್ಯಾಕ್. ಬಿಲ್ ಹಿಂದಿನಿಂದ ಬರಬಾರದು. ಮೊದಲು ಹಾಕಿಸ್ಕೊಂಡು ಬಳಸೋದು ಮೊಬೈಲ್ ರೀಚಾರ್ಜ್‌ನಿಂದ ಎಲ್ಲರಿಗೂ ರೂಢಿ. ಮತ್ತೆ ಎಸ್ಸೆಮ್ಮೆಸ್ ಮುಗಿದ್ರೂ ಹಾಜರಿ, ಬಟವಾಡೆ ಪಟ್ಟಿ ಎಂದೂ ನಿಲ್ಲಕೂಡದು.

ಡೈರಿ_ಲೆಕ್ಕ (ಅರಸೀಕೆರೆ)

ಫ್ಲಾಟ್ ರೇಟನ್ನ ಇಷ್ಟು ಬೇಗ ಪಕ್ಕಕ್ಕಿಡಬೇಡಿ. ಹಾಲಿನ ಸಂಘಗಳಿಗೆ ನಮ್ಮ ಸಾಫ್ಟ್‌ವೇರ್ ವರ್ಷಕ್ಕೆ ಒಂದೇ ಮೊತ್ತ. ಕಾರ್ಯದರ್ಶಿ ಅದನ್ನ ಒಂದು ಸಲ ಆಡಳಿತ ಮಂಡಳಿ ಮುಂದಿಟ್ಟು ಒಪ್ಪಿಗೆ ತಗೊಂಡ್ರೆ ಮುಗೀತು. ತಿಂಗಳು ತಿಂಗಳು ಬೇರೆ ಮೊತ್ತ ಬಂದ್ರೆ ಪ್ರತಿ ಸಲ ಸಭೆಯಲ್ಲಿ ಪ್ರಶ್ನೆ, ಆಡಿಟ್‌ನಲ್ಲಿ ಪ್ರಶ್ನೆ. ಒಂದೇ ರೇಟ್ ಆದ್ದರಿಂದ ಪಕ್ಕದ ಊರಿನ ಸಂಘಕ್ಕೂ ಕಾರ್ಯದರ್ಶಿಯೇ ರೇಟ್ ಹೇಳ್ತಾರೆ, ನಾವು ಹೋಗಿ ವಿವರಿಸೋದೇ ಬೇಡ.

ಬೇಲೂರು_ಬಿಲ್

ನಿಮಗೆ ಅದು ಸರಿಯಾಗೇ ಇದೆ. ಬೆಳಗ್ಗೆ ಸಂಜೆ ವರ್ಷಪೂರ್ತಿ ಹಾಲು, ಹಾಗಾಗಿ ಋತು ಅನ್ನೋದಿಲ್ಲ. ಸಂಘಗಳ ಗಾತ್ರದಲ್ಲೂ 15 ಪಟ್ಟು ಅಂತರ ಇರಲ್ಲ. ನನ್ನ ಅಂದಾಜಿನಲ್ಲಿ ಅತಿ ದೊಡ್ಡ ಗಿರಾಕಿ ಅತಿ ಚಿಕ್ಕ ಗಿರಾಕಿಯ ಮೂರು ಪಟ್ಟಿನೊಳಗೆ ಇದ್ರೆ ಫ್ಲಾಟ್ ರೇಟೇ ಉತ್ತಮ. ಇಲ್ಲಿ 6 ಆಳು ಎಲ್ಲಿ, 90 ಆಳು ಎಲ್ಲಿ. ಆದ್ರೆ ನಿಮ್ಮಿಂದ ಒಂದನ್ನ ತಗೋಬೇಕು: ವರ್ಷಕ್ಕೆ ಒಂದೇ ಮೊತ್ತ, ಮೊದಲೇ ಗೊತ್ತಿರೋ ಮೊತ್ತ. ಹಂತಗಳನ್ನ ಇಟ್ರೂ ಆ ಗುಣ ಉಳಿಸ್ಕೊಳ್ಳಬಹುದು.

ಕಾಯಂ ಆಳಿನ ಮೇಲೆ ಮೂರು ಹಂತ ಮಾಡಿ ನೋಡಿದೆ: 10 ಜನರವರೆಗೆ ವರ್ಷಕ್ಕೆ ₹1,800, 40ರವರೆಗೆ ₹5,400, ಅದರ ಮೇಲೆ ₹14,000. ಒಟ್ಟು ₹1,55,400. ಕೊಯ್ಲಿನ ಆಳನ್ನ ಎಣಿಸೋದೇ ಇಲ್ಲ.

ಹಾಜರಿ_ಪುಸ್ತಕ

40 ಇದ್ದವರು 41 ಆದ್ರೆ ಒಂದೇ ಸಲ ₹8,600 ಏರುತ್ತಲ್ಲ? ಮತ್ತೆ ಕಾಯಂ ಯಾರು, ಕೊಯ್ಲಿನವರು ಯಾರು ಅಂತ ನಿರ್ಧರಿಸೋದು ಯಾರು? ವರ್ಷಪೂರ್ತಿ ಬರೋರನ್ನೂ "ತಾತ್ಕಾಲಿಕ" ಅಂತ ಹಾಕಿಬಿಡ್ತಾರೆ.

ತೋಟದ_ರೈಟರು

ಆಳಿನ ತಂಟೆಗೇ ಹೋಗಬೇಡಿ. ಎಕರೆ ಕೇಳಿ. ಯಾವ ತೋಟದ ಬಗ್ಗೆ ಮಾತಾಡಿದ್ರೂ ಮೊದಲ ಪ್ರಶ್ನೆ ಎಷ್ಟು ಎಕರೆ ಅಂತಾನೇ. ಗೊಬ್ಬರ, ಸ್ಪ್ರೇ, ಮರಗಸಿ, ಎಲ್ಲ ಎಕರೆ ಲೆಕ್ಕ. ಕೊಯ್ಲು ಬಂತು ಅಂತ ಎಕರೆ ಜಾಸ್ತಿ ಆಗಲ್ಲ.

ಬೇಲೂರು_ಬಿಲ್

ನನ್ನ ಮೂರು ಹಂತಕ್ಕಿಂತ ಇದು ಮೇಲು. ಕಾಫಿ ಬೋರ್ಡ್ ಕೂಡ 10 ಹೆಕ್ಟೇರ್, ಅಂದ್ರೆ ಸುಮಾರು 25 ಎಕರೆವರೆಗಿನವರನ್ನ ಸಣ್ಣ ಬೆಳೆಗಾರರು ಅಂತ ಎಣಿಸೋದು, ಹಾಗಾಗಿ ಆ ಗೆರೆ ಜನರಿಗೆ ಹೊಸದಲ್ಲ. 10 ಎಕರೆವರೆಗೆ ₹1,800, 25ರವರೆಗೆ ₹3,000, 100ರವರೆಗೆ ₹5,400, ಅದರ ಮೇಲೆ ₹12,000 ಇಟ್ಟು ನೋಡಿ. ಗೆರೆ ದಾಟಿದ್ರೆ ಆಗೋ ಏರಿಕೆ ಕೆಳಗಿನ ಹಂತಗಳಲ್ಲಿ ಹಿತವಾಗಿದೆ. 100 ಎಕರೆ ಗೆರೆ ಮಾತ್ರ ಇನ್ನೂ ಕಡಿದಾಗಿದೆ, ಅಲ್ಲಿ ಗಿರಾಕಿ ಬಂದಾಗ ನೋಡ್ಕೊಳ್ಳಿ.

ಮಿತಿಯೂ ಇದೆ. ಪಹಣಿ ಅಣ್ಣತಮ್ಮಂದಿರ ಹೆಸರಲ್ಲಿ ಹಂಚಿಹೋಗಿರುತ್ತೆ, ಕೆಲಸ ಒಂದೇ ತೋಟವಾಗಿ ನಡೆಯುತ್ತೆ. ದಾಖಲೆ ಕೇಳೋಕೆ ಹೋಗಬೇಡಿ, ಅವರು ಹೇಳಿದ ಎಕರೆ ನಂಬಿ. ಒಬ್ಬ ರೈಟರ್ ಒಂದು ಚೆಕ್‌ರೋಲಲ್ಲಿ ನೋಡಿಕೊಳ್ಳೋದೆಲ್ಲ ಒಂದೇ ತೋಟ ಅಂತ ಇಟ್ಕೊಂಡ್ರೆ ಸಾಕು. ಹಂತ ಬದಲಾವಣೆ ನವೀಕರಣದ ದಿನ ಮಾತ್ರ, ನಡುವೆ ಬೇಡ.

ಹಾಜರಿ_ಪುಸ್ತಕ

ನಮ್ಮ ಪಟ್ಟಿ ಎಕರೆಗೆ ಹೊಂದಿಸಿದೆ. 17 ತೋಟ 10 ಎಕರೆ ಒಳಗೆ, 7 ತೋಟ 25ರ ಒಳಗೆ, 13 ತೋಟ 100ರ ಒಳಗೆ, 3 ಅದಕ್ಕಿಂತ ದೊಡ್ಡವು. ಒಟ್ಟು ₹1,57,800 ಆಗುತ್ತೆ. ಎಸ್ಸೆಮ್ಮೆಸ್ ಒಂದು ತುಂಡಿಗೆ ಇಳಿಸಿದ್ರೆ ಉಳಿಕೆ ಚೆನ್ನಾಗಿದೆ. ಇದನ್ನ ಯುಪಿಐ ಆಟೋಪೇಲಿ ಹಾಕಿಬಿಡಬಹುದಾ?

ಹಾಸನ_ಟ್ಯಾಕ್ಸ್

ಆಟೋಪೇ ಹಾಕೋ ಮುಂಚೆ ಎರಡು ವಿಷಯ. ಪಿನ್ ಕೇಳದೆ ತಾನಾಗಿ ಕಡಿತ ಆಗೋದು ಸಾಮಾನ್ಯವಾಗಿ ₹15,000ದವರೆಗೆ. ಅದು ದಾಟಿದ್ರೆ ಪ್ರತಿ ಸಲ ಗಿರಾಕಿ ಒಪ್ಪಿಗೆ ಕೊಡಬೇಕು. ಮೊದಲು ಹೇಳಿದ ₹14,000 ಇಟ್ಟಿದ್ರೆ, ನಾಳೆ ಜಿಎಸ್‌ಟಿ ಸೇರಿದಾಗ ₹16,520 ಆಗಿ ಕಡಿತ ನಿಲ್ತಿತ್ತು. ₹12,000 ಆದ್ರೆ ₹14,160, ಒಳಗೇ ಇರುತ್ತೆ. ಆಳಿನ ಲೆಕ್ಕ ಇಟ್ಟಿದ್ರೆ ಇನ್ನೊಂದು ಪೇಚು: ಮೊತ್ತ ಬದಲಾಗೋದ್ರಿಂದ ಗರಿಷ್ಠ ಮಿತಿ ಹಾಕಿ ಒಪ್ಪಿಗೆ ಪಡೀಬೇಕು. ₹200 ಬಿಲ್ ಬರೋ ಗಿರಾಕಿಗೆ ಫೋನಲ್ಲಿ "₹2,000ವರೆಗೆ" ಅಂತ ಕಂಡ್ರೆ ಅಲ್ಲೇ ಹಿಂದೆ ಸರೀತಾರೆ.

ಜಿಎಸ್‌ಟಿ: ಸೇವೆಗೆ ವರ್ಷದ ವಹಿವಾಟು ₹20 ಲಕ್ಷ ದಾಟೋವರೆಗೆ ನೋಂದಣಿ ಕಡ್ಡಾಯ ಅಲ್ಲ. ಆದ್ರೆ ಅದೇ ಪ್ಯಾನ್‌ನಲ್ಲಿ ನಿಮ್ಮದು ಬೇರೆ ವ್ಯವಹಾರ ಇದ್ರೆ ಎಲ್ಲ ಸೇರಿಸಿ ನೋಡ್ತಾರೆ. ನೋಂದಣಿ ಆದ ದಿನದಿಂದ 18% ಸೇರುತ್ತೆ. ಚಿಕ್ಕ ಬೆಳೆಗಾರರಲ್ಲಿ ಬಹಳ ಮಂದಿ ಜಿಎಸ್‌ಟಿಯಲ್ಲಿಲ್ಲ, ಅವರಿಗೆ ಅದು ವಾಪಸ್ ಸಿಗಲ್ಲ, ₹1,800 ಅನ್ನೋದು ₹2,124 ಆಗುತ್ತೆ. ದರಪಟ್ಟಿಯಲ್ಲಿ "ತೆರಿಗೆ ಇದ್ದಲ್ಲಿ ಪ್ರತ್ಯೇಕ" ಅಂತ ಈಗಲೇ ಬರೆದಿಡಿ.

ಡೈರಿ_ಲೆಕ್ಕ

40 ಗಿರಾಕಿಗೆ ಆಟೋಪೇ ಯಾಕೆ? ವರ್ಷಕ್ಕೊಮ್ಮೆ ಬಿಲ್ಲು, ಕ್ಯೂಆರ್ ಕೋಡು, ಒಂದು ಫೋನು. ಆ ಫೋನಲ್ಲೇ ಆ್ಯಪ್ ಬಿಡೋ ಯೋಚನೆ ಇದೆಯಾ ಅನ್ನೋದೂ ಗೊತ್ತಾಗುತ್ತೆ.

ಮೂಡಿಗೆರೆ_ಪ್ಲಾಂಟರ್

ಈಗ ಅರ್ಥ ಆಯ್ತು. ಕೊಡೋರ ಕಡೆಯಿಂದ ಹೇಳ್ತೀನಿ. ತಿಂಗಳ ಬಿಲ್ ಬೇಡವೇ ಬೇಡ. ಮಳೆಗಾಲದಲ್ಲಿ ತೋಟಕ್ಕೆ ಹಾಕೋದೇ ಆಗುತ್ತೆ, ಬರೋದು ಏನಿಲ್ಲ. ಕೊಯ್ಲಲ್ಲಿ ವಾರಾ ವಾರಾ ಬಟವಾಡೆಗೆ ನಗದು ಹೊಂದಿಸೋದೇ ದೊಡ್ಡ ಕೆಲಸ, ಆಗ ಬಿಲ್ ಕಳಿಸಿದ್ರೆ ಬದಿಗಿಡ್ತೀವಿ. ಕಾಫಿ ಮಾರಿದ ಮೇಲೆ ಮಾರ್ಚ್ ಏಪ್ರಿಲ್‌ನಲ್ಲಿ ಕೇಳಿ, ವರ್ಷದ್ದು ಒಟ್ಟಿಗೆ ಕೊಡ್ತೀವಿ. ₹5,400 ಅನ್ನೋದು ಆಗ ದೊಡ್ಡದಲ್ಲ.

ಬೇಲೂರು_ಬಿಲ್

ಸರ್, ಕೈಯಲ್ಲಿ ದುಡ್ಡಿರೋ ಕಾಲ ಅದೇ, ಒಪ್ತೀನಿ. ಆದ್ರೆ ಮೊದಲ ವರ್ಷಕ್ಕೆ ನಾನು ಅಕ್ಟೋಬರ್ ಅಂತೀನಿ. ಈಗ ಉಚಿತ ಬಳಸ್ತಿರೋರು ಕೊಯ್ಲು ಪೂರ್ತಿ ಉಚಿತವಾಗಿ ಮುಗಿಸಿಬಿಟ್ರೆ, ಮಾರ್ಚ್‌ನಲ್ಲಿ ಅವರಿಗೆ ಆ್ಯಪ್‌ನ ಅಗತ್ಯ ಅತಿ ಕಡಿಮೆ ಇರುತ್ತೆ. ಮುಂದಿನ ನವೆಂಬರ್‌ಗೆ ನೋಡೋಣ ಅಂತಾರೆ. ಅಕ್ಟೋಬರ್‌ನಲ್ಲಿ ಅರ್ಧ, ಮಾರ್ಚ್‌ನಲ್ಲಿ ಅರ್ಧ ಮಾಡಬಹುದು.

ಮೂಡಿಗೆರೆ_ಪ್ಲಾಂಟರ್

ಅರ್ಧ ಅರ್ಧ ಅಂದ್ರೆ ಎರಡು ಸಲ ನೆನಪು ಮಾಡಿಸ್ಬೇಕು, ಎರಡು ಸಲ ಮರೀತೀವಿ. ನಂಬಿಕೆ ಮೇಲೆ ಮಾರ್ಚ್‌ವರೆಗೆ ಬಿಟ್ಟು ನೋಡಿ. ಗೊಬ್ಬರದ ಅಂಗಡಿಯವರು ಬಿಡಲ್ವಾ?

ಬೇಲೂರು_ಬಿಲ್

ಅಂಗಡಿಯವರಿಗೆ ನಿಮ್ಮ ಪರಿಚಯ ಹಳೇದು ಸರ್. ಇವರು ಹೊಸಬರು, ಎಸ್ಸೆಮ್ಮೆಸ್ಸಿಗೆ ಮುಂಗಡ ಕಟ್ಟಬೇಕಾದವರು.

ಹಾಜರಿ_ಪುಸ್ತಕ

ಎರಡೂ ಮಾಡಿ ನೋಡ್ತೀವಿ. 13 ಮಧ್ಯಮ ತೋಟಗಳಲ್ಲಿ 6ಕ್ಕೆ ಅಕ್ಟೋಬರ್‌ನಲ್ಲಿ ಪೂರ್ತಿ, 7ಕ್ಕೆ ಮಾರ್ಚ್‌ನಲ್ಲಿ. ಎಕರೆ ಹಂತ ಎಲ್ಲರಿಗೂ ಒಂದೇ. ಟೆಂಪ್ಲೇಟ್ ಈ ವಾರವೇ ಅನುಮೋದನೆಗೆ ಹಾಕ್ತೀವಿ.

ಕೋಡ್_ಮಲೆನಾಡು

ಅಕ್ಕಪಕ್ಕದ ತೋಟದವರು ಬೇರೆ ಬೇರೆ ಗುಂಪಿಗೆ ಬೀಳದ ಹಾಗೆ ಹೋಬಳಿ ಪ್ರಕಾರ ಹಂಚಿ. ಒಬ್ಬರಿಗೆ ಈಗ, ಇನ್ನೊಬ್ಬರಿಗೆ ಮಾರ್ಚ್‌ಗೆ ಅಂತ ಸಂತೆಯಲ್ಲಿ ಗೊತ್ತಾದ್ರೆ ಅಕ್ಟೋಬರ್‌ನವರು ಯಾರೂ ಕಟ್ಟಲ್ಲ.

ತೋಟದ_ರೈಟರು

ಇನ್ನೊಂದು ಕೇಳೋದಿತ್ತು. ಕಾಸು ಕಟ್ಟೋದು ತಡ ಆದ್ರೆ ಆ್ಯಪ್ ನಿಲ್ಲಿಸ್ತೀರಾ? ಶುಕ್ರವಾರ ರಾತ್ರಿ ನಿಂತ್ರೆ ಶನಿವಾರ ಬಟವಾಡೆ ಸಾಲಲ್ಲಿ ನಿಂತಿರೋರಿಗೆ ನಾನು ಏನು ಹೇಳ್ಲಿ?

ಹಾಜರಿ_ಪುಸ್ತಕ

ಹಾಜರಿ, ಪಟ್ಟಿ ನಿಲ್ಲಿಸಲ್ಲ. ಮೊದಲು ಎಸ್ಸೆಮ್ಮೆಸ್ ನಿಲ್ಲುತ್ತೆ, ಆಮೇಲೆ ಹಳೇ ತಿಂಗಳ ವರದಿ ತೆಗೆಯೋದು. ಎಷ್ಟು ದಿನ ಬಿಟ್ಟು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. 30 ದಿನ ಸಾಕಾ, ಕೊಯ್ಲು ಮುಗಿಯೋವರೆಗೂ ಬಿಡಬೇಕಾ, ಹೇಳಿ.